ಜ್ಯೂಸ್ ಒಳಗೆ, ಕೆಚಪ್ ಬಾಗಿಲಿಗೆ

ದಾವಣಗೆರೆಯ ಹೆಚ್ಚಿನ ಮನೆಗಳ ಫ್ರಿಜ್‌ನಲ್ಲಿ ಒಂದು ಅದಲು ಬದಲು ಕಾಣುತ್ತದೆ. ಒಡೆದ ಜ್ಯೂಸ್ ಪ್ಯಾಕ್ ಬಾಗಿಲಿನ ಅರೆಯಲ್ಲಿ, ನೀರಿನ ಬಾಟಲಿಗಳ ಪಕ್ಕ ನಿಂತಿರುತ್ತದೆ. ಜಾಮ್ ಮತ್ತು ಕೆಚಪ್ ಒಳಗೆ, ಹಿಂದಿನ ಗೋಡೆಗೆ ಒತ್ತಿಕೊಂಡು ತಣ್ಣಗೆ ಕೂತಿರುತ್ತವೆ. ಆಗಬೇಕಾದದ್ದು ಇದರ ಉಲ್ಟಾ. ಈ ಮೂರರಲ್ಲಿ ಬೇಗ ಕೆಡುವುದು ಜ್ಯೂಸ್. ಫ್ರಿಜ್‌ನಲ್ಲಿ ಎಲ್ಲಕ್ಕಿಂತ ಬಿಸಿಯಾಗುವ ಜಾಗ ಬಾಗಿಲು. ಏಪ್ರಿಲ್‌ನಲ್ಲಿ ಅಡುಗೆಮನೆಯೇ 37–38 ಡಿಗ್ರಿ ಕಾದಿರುವಾಗ, ಮಕ್ಕಳು ತಣ್ಣೀರಿಗೆಂದು ಬಾಗಿಲು ತೆಗೆದಷ್ಟು ಸಲವೂ ಅಲ್ಲಿರುವ ಜ್ಯೂಸ್‌ಗೆ ಬಿಸಿಗಾಳಿ ಬಡಿಯುತ್ತದೆ.

ಮೊದಲು ಪ್ಯಾಕಿನ ಮೇಲಿನ ತಾರೀಖಿನ ವಿಷಯ. "ಇನ್ನೂ ನಾಲ್ಕು ತಿಂಗಳು ಡೇಟ್ ಇದೆಯಲ್ಲ" ಎಂದು ಒಡೆದ ಪ್ಯಾಕನ್ನು ಹತ್ತು ದಿನ ಇಟ್ಟುಕೊಳ್ಳುವವರು ಬಹಳ. ಆ ತಾರೀಖು ಮುಚ್ಚಿದ ಪ್ಯಾಕಿಗೆ ಮಾತ್ರ. ಒಡೆದ ಮೇಲಿನ ಲೆಕ್ಕ ಬೇರೆಯೇ ಇದೆ, ಅದು ಪ್ಯಾಕಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ: ತೆರೆದ ನಂತರ ಫ್ರಿಜ್‌ನಲ್ಲಿಡಿ, ಇಷ್ಟು ದಿನದೊಳಗೆ ಬಳಸಿ. ಜ್ಯೂಸ್‌ಗೆ ಅದು ಸಾಮಾನ್ಯವಾಗಿ 3ರಿಂದ 5 ದಿನ. ನಾನು ಇಲ್ಲಿ ಹೇಳುವುದಕ್ಕಿಂತ ಕಡಿಮೆ ದಿನ ನಿಮ್ಮ ಪ್ಯಾಕಿನ ಮೇಲಿದ್ದರೆ ಪ್ಯಾಕಿನ ಮಾತನ್ನೇ ನಂಬಿ.

ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಹೊರಗೇ ಇದ್ದದ್ದು ಮನೆಯ ಫ್ರಿಜ್‌ನಲ್ಲಿ ಒಂದು ವಾರ ಯಾಕೆ ತಡೆಯುವುದಿಲ್ಲ? ಟೆಟ್ರಾ ಪ್ಯಾಕಿನ ಜ್ಯೂಸನ್ನು ಕಾರ್ಖಾನೆಯಲ್ಲಿ ಕೆಲವೇ ಸೆಕೆಂಡು 90 ಡಿಗ್ರಿ ದಾಟಿಸಿ ಕಾಯಿಸುತ್ತಾರೆ, ಮತ್ತೆ ತಣಿಸಿ, ಮೊದಲೇ ಶುದ್ಧ ಮಾಡಿದ ಪೊಟ್ಟಣಕ್ಕೆ ಗಾಳಿ ಸೋಕದಂತೆ ತುಂಬಿ ಮುಚ್ಚುತ್ತಾರೆ. ರಟ್ಟು, ಪ್ಲಾಸ್ಟಿಕ್ ಮತ್ತು ತೆಳು ಅಲ್ಯೂಮಿನಿಯಂ ಪದರಗಳು ಬೆಳಕನ್ನೂ ಗಾಳಿಯನ್ನೂ ಹೊರಗೆ ತಡೆಯುತ್ತವೆ. ಅಂದರೆ ಜ್ಯೂಸ್ ಉಳಿದಿರುವುದು ಅದರೊಳಗೆ ಜೀವಾಣು ಇಲ್ಲದ ಕಾರಣಕ್ಕೆ. ಕತ್ತರಿಯಿಂದ ಮೂಲೆ ಕತ್ತರಿಸಿದ ಕ್ಷಣಕ್ಕೆ ಆ ಕಾವಲು ಮುಗಿಯಿತು. ಗಾಳಿಯಿಂದ, ಕತ್ತರಿಯ ಅಲಗಿನಿಂದ, ಬೆರಳಿನಿಂದ ಯೀಸ್ಟ್ ಮತ್ತು ಬೂಷ್ಟಿನ ಬೀಜಕಣ ಒಳಗೆ ಇಳಿಯುತ್ತವೆ. ಅವುಗಳಿಗೆ ಹುಳಿ ಅಡ್ಡಿಯಲ್ಲ. 100 ಮಿಲಿಲೀಟರಿಗೆ ಹತ್ತು ಹದಿನೈದು ಗ್ರಾಂ ಸಕ್ಕರೆ ಅವುಗಳಿಗೆ ಊಟವೇ. ಫ್ರಿಜ್ ಅವುಗಳನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ.

ಒಂದು ಲೀಟರಿನ ಮಾವಿನ ಜ್ಯೂಸ್ ತೆಗೆದುಕೊಳ್ಳೋಣ. ಭಾನುವಾರ ಮಧ್ಯಾಹ್ನ 1 ಗಂಟೆಗೆ ನೆಂಟರು ಬಂದರು, ಪ್ಯಾಕ್ ಒಡೆದರು. 150 ಮಿಲಿಲೀಟರಿನ ನಾಲ್ಕು ಲೋಟ ಬಗ್ಗಿಸಿದರೆ 400 ಮಿಲಿಲೀಟರ್ ಉಳಿಯಿತು. ಊಟ ಮುಗಿದು ಮಾತುಕತೆ ಮುಗಿಯುವವರೆಗೆ, ಮೂರೂವರೆ ಗಂಟೆಯ ತನಕ, ಪ್ಯಾಕ್ ಟೇಬಲ್ ಮೇಲೆಯೇ ಇತ್ತು. ಆಮೇಲೆ ಕತ್ತರಿಸಿದ ಮೂಲೆಯನ್ನು ಮಡಚಿ ಫ್ರಿಜ್ ಬಾಗಿಲಿಗೆ ಇಟ್ಟರು. ಸೋಮವಾರ ಏನೂ ಗೊತ್ತಾಗಲಿಲ್ಲ. ಮಂಗಳವಾರ ಮಗ ಶಾಲೆಯಿಂದ ಬಂದವನು ಪ್ಯಾಕಿಗೇ ಬಾಯಿ ಹಚ್ಚಿ ಕುಡಿದ. ಬುಧವಾರ ಯಾರೂ ಮುಟ್ಟಲಿಲ್ಲ. ಗುರುವಾರ ಸಂಜೆ ಹೊತ್ತಿಗೆ ಅದರಲ್ಲಿ ಸಣ್ಣ ಗುಳ್ಳೆ, ನಾಲಿಗೆಗೆ ಚುರುಕು, ಮೂಗಿಗೆ ಹೆಂಡದಂಥ ಹುಳಿ ವಾಸನೆ. ಡೇಟ್ ಇನ್ನೂ ಇದೆ, ಆದ್ದರಿಂದ ಬೈಗುಳ ಕಂಪನಿಗೆ ಹೋಗುತ್ತದೆ. ಆದರೆ ತಪ್ಪಾದ ಜಾಗ ನಾಲ್ಕು: ಒರೆಸದ ಕತ್ತರಿ, ಎರಡೂವರೆ ಗಂಟೆಯ ಬಿಸಿ, ಬಾಗಿಲಿನ ಅರೆ, ಬಾಯಿಯ ಎಂಜಲು.

ಅದೇ ಪ್ಯಾಕನ್ನು ಹೀಗೆ ನಡೆಸಬಹುದಿತ್ತು. ಮುಚ್ಚಳವಿರುವ ಪ್ಯಾಕನ್ನೇ ಕೊಳ್ಳಬೇಕು. ಇಲ್ಲವಾದರೆ ಕತ್ತರಿಯನ್ನು ಸೋಪು ಹಾಕಿ ತೊಳೆದು ಒರೆಸಿ ಕತ್ತರಿಸಬೇಕು. ಲೋಟಕ್ಕೆ ಬಗ್ಗಿಸಿದ ತಕ್ಷಣ ಪ್ಯಾಕ್ ಫ್ರಿಜ್ಜಿಗೆ ಹೋಗಬೇಕು. ಮೂಲೆ ಕತ್ತರಿಸಿದ ಪ್ಯಾಕಾದರೆ ಉಳಿದ 400 ಮಿಲಿಲೀಟರನ್ನು ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ಅರ್ಧ ಲೀಟರಿನ ಗಾಜಿನ ಬಾಟಲಿಗೆ ಸುರಿಯಿರಿ. ಬಾಟಲಿ ಹೆಚ್ಚು ಕಡಿಮೆ ತುಂಬಿರುವುದರಿಂದ ಒಳಗೆ ಗಾಳಿ ಕಡಿಮೆ, ಏನಾದರೂ ಬೆಳೆದರೆ ಕಣ್ಣಿಗೂ ಕಾಣುತ್ತದೆ. ಇದನ್ನು ಒಳಗಿನ ಅರೆಯಲ್ಲಿ ಹಿಂದಕ್ಕೆ ಇಡಿ. ಮೇಲೆ ಮಾರ್ಕರ್ ಪೆನ್ನಿನಲ್ಲಿ "ಭಾನು, ಮ. 1" ಎಂದು ಬರೆಯಿರಿ. ಬುಧವಾರ ಮಧ್ಯಾಹ್ನಕ್ಕೆ 3 ದಿನ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಅಲ್ಲಿಗೆ ಮುಗಿಸಿ. ಪ್ಯಾಕಿನ ಮೇಲೆ 5 ದಿನ ಎಂದಿದ್ದರೆ ಶುಕ್ರವಾರ ಮಧ್ಯಾಹ್ನ ಕೊನೆ, ಅದಾದ ಮೇಲೆ ರುಚಿ ನೋಡುವ ಕೆಲಸವೂ ಬೇಡ. ಅಷ್ಟು ದಿನದಲ್ಲಿ ಖರ್ಚಾಗದು ಅನಿಸಿದರೆ ಭಾನುವಾರವೇ ಐಸ್ ಟ್ರೇಗೆ ಸುರಿದು ಫ್ರೀಜರ್‌ಗೆ ಹಾಕಿ. ಒಂದೆರಡು ತಿಂಗಳು ಚೆನ್ನಾಗಿರುತ್ತದೆ. ನಾಲ್ಕನೇ ದಿನ ಹುಳಿ ವಾಸನೆ ಬಂದ ಮೇಲೆ ಫ್ರೀಜ್ ಮಾಡುವುದರಿಂದ ಏನೂ ಉಳಿಯದು.

ನನ್ನ ಖಚಿತ ಅಭಿಪ್ರಾಯವೆಂದರೆ, ಮೂರು ನಾಲ್ಕು ಜನರ ಮನೆಗೆ ಒಂದು ಲೀಟರಿನ ಪ್ಯಾಕ್ ಅಗ್ಗವಲ್ಲ. ಮೂರನೇ ಒಂದು ಭಾಗ ಚೆಲ್ಲುವುದಾದರೆ 200 ಮಿಲಿಲೀಟರಿನ ಸಣ್ಣ ಪ್ಯಾಕೇ ಲಾಭ. ಮಕ್ಕಳ ಶಾಲೆಯ ಬ್ಯಾಗಿಗಂತೂ ದೊಡ್ಡ ಪ್ಯಾಕಿನಿಂದ ಬಾಟಲಿಗೆ ಬಗ್ಗಿಸಿ ಕೊಡಲೇಬೇಡಿ. ಒಡೆದ ಜ್ಯೂಸ್ ಹೊರಗೆ ಎರಡು ಗಂಟೆ ಮೀರಬಾರದು, ನಮ್ಮ ಬೇಸಿಗೆಯಲ್ಲಿ ಒಂದೇ ಗಂಟೆ. ಬೆಳಗ್ಗೆ ಎಂಟಕ್ಕೆ ಬ್ಯಾಗು ಸೇರಿದ ಬಾಟಲಿ ಊಟದ ಹೊತ್ತಿಗೆ ನಾಲ್ಕೈದು ಗಂಟೆ ಸೆಕೆಯಲ್ಲಿ ಬೆಂದಿರುತ್ತದೆ. ಮುಚ್ಚಿದ ಸಣ್ಣ ಪ್ಯಾಕಿಗೆ ಆ ಭಯವಿಲ್ಲ.

ಕೆಟ್ಟಿದೆಯೋ ಇಲ್ಲವೋ ನೋಡುವುದು ಹೇಗೆ? ಪ್ಯಾಕ್ ಉಬ್ಬಿದ್ದರೆ, ಮುಚ್ಚಳ ತಿರುಗಿಸಿದಾಗ "ಟುಸ್" ಎಂದರೆ, ಒಳಗೆ ಯೀಸ್ಟ್ ಗ್ಯಾಸ್ ಮಾಡುತ್ತಿದೆ. ಟೆಟ್ರಾ ಪ್ಯಾಕಿನ ದೊಡ್ಡ ತೊಂದರೆ ಎಂದರೆ ಒಳಗೆ ಏನಿದೆ ಕಾಣುವುದಿಲ್ಲ. ಬೂಷ್ಟು ಹೆಚ್ಚಾಗಿ ಮುಚ್ಚಳದ ಒಳಸುತ್ತಿನಲ್ಲಿ, ಜ್ಯೂಸ್ ಮೆತ್ತಿ ಒಣಗಿದ ಅಂಚಿನಲ್ಲಿ ಹುಟ್ಟುತ್ತದೆ, ಆಮೇಲೆ ತೊಗಲಿನ ಚೂರಿನಂತೆ ಒಳಗೆ ತೇಲುತ್ತದೆ. ಹಾಗಾಗಿ ಎರಡನೇ ದಿನದಿಂದ ನೇರ ಕುಡಿಯದೆ ಗಾಜಿನ ಲೋಟಕ್ಕೆ ಬಗ್ಗಿಸಿ ನೋಡಿ. ತಳದಲ್ಲಿ ಹಣ್ಣಿನ ತಿರುಳು ಕೂತಿದ್ದರೆ ಅದು ಸಹಜ, ಅಲ್ಲಾಡಿಸಿದರೆ ಕೂಡಿಕೊಳ್ಳುತ್ತದೆ. ಅಲ್ಲಾಡಿಸಿದರೂ ಕೂಡದ ಲೋಳೆ ಅಥವಾ ನಾರು ಕಂಡರೆ ಎಲ್ಲವನ್ನೂ ಚೆಲ್ಲಿ. ಸೋಸಿ ಕುಡಿಯುವುದು, ಕಾಯಿಸಿ ಕುಡಿಯುವುದು ಬೇಡ. ಸೇಬಿನ ಜ್ಯೂಸ್‌ನಲ್ಲಿ ಕೆಲವು ಬೂಷ್ಟು ಬಿಡುವ ವಿಷ ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ.

ಕರೆಂಟ್ ಹೋದರೆ ಬಾಗಿಲು ಮುಚ್ಚಿಟ್ಟ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿರುತ್ತದೆ. ಅದಕ್ಕಿಂತ ಹೆಚ್ಚಾದರೆ ಜ್ಯೂಸ್‌ನ ಲೆಕ್ಕದಿಂದ ಒಂದು ದಿನ ಕಳೆಯಿರಿ. ಕೆಚಪ್, ಜಾಮ್ ವಿಷಯದಲ್ಲಿ ಚಿಂತೆ ಬೇಡ.

ಯಾಕೆಂದರೆ ಕೆಚಪ್ ತನ್ನ ಕಾವಲನ್ನು ತಾನೇ ಹೊತ್ತುಕೊಂಡಿದೆ. ಟೊಮೆಟೊದ ಹುಳಿಯ ಮೇಲೆ ವಿನೆಗರ್, ಉಪ್ಪು, ಸಕ್ಕರೆ ಮೂರೂ ಸೇರಿವೆ. ಕೆಲವದರಲ್ಲಿ ಸೋಡಿಯಂ ಬೆಂಜೊಯೇಟ್ ಕೂಡ ಇರುತ್ತದೆ. ಒಡೆದ ಮೇಲೆ ಫ್ರಿಜ್‌ನಲ್ಲಿ ಆರು ತಿಂಗಳವರೆಗೆ ಉಳಿಯುತ್ತದೆ, ಬಾಗಿಲಿನ ಅರೆ ಧಾರಾಳ ಸಾಕು. ಪ್ರಿಸರ್ವೇಟಿವ್ ಇಲ್ಲ ಎಂದು ಬರೆದಿರುವುದನ್ನು ಒಂದೆರಡು ತಿಂಗಳಲ್ಲಿ ಮುಗಿಸುವುದು ಒಳ್ಳೆಯದು. ಮೇಲೆ ತೆಳು ನೀರು ನಿಂತರೆ ಕೆಟ್ಟಿತೆಂದಲ್ಲ, ಅಲ್ಲಾಡಿಸಿ. ಬಾಟಲಿಯ ಕತ್ತಿನಲ್ಲಿ ಒಣಗಿ ಕಪ್ಪಾದ ಉಂಗುರವೂ ಗಾಳಿ ತಾಕಿದ್ದರ ಗುರುತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಒರೆಸಿದಾಗ ಹತ್ತಿಯಂತೆ ಎದ್ದು ಬಂದರೆ ಅದು ಬೂಷ್ಟು. ಬಾಟಲಿ ಉಬ್ಬಿ, ಒತ್ತಿದಾಗ ಗುಳ್ಳೆ ಸಮೇತ ಚಿಮ್ಮಿದರೆ ಅದೂ ಕಸದ ಬುಟ್ಟಿಗೆ.

ಕೆಚಪ್ ಕೆಡುವುದು ಹೆಚ್ಚಾಗಿ ನಮ್ಮ ಕೈಯಿಂದ. ಹಳೆಯ ಬಾಟಲಿ ತೊಳೆಯದೆ ಅದರ ಮೇಲೇ ಹೊಸ ಪೌಚ್ ಸುರಿಯುತ್ತೇವೆ. ತಳದಲ್ಲಿ ಮೂರು ತಿಂಗಳ ಹಳತು ಹಾಗೇ ಉಳಿಯುತ್ತದೆ, ಅದರಲ್ಲಿ ಬೆಳೆದದ್ದು ಹೊಸದಕ್ಕೆ ಹಬ್ಬುತ್ತದೆ. ಇನ್ನೊಂದು, ಗಟ್ಟಿಯಾಗಿದೆ ಎಂದು ನೀರು ಬೆರೆಸುವುದು. ಸಂಜೆ ಮಿರ್ಚಿ ಮಂಡಕ್ಕಿ, ಪಫ್ಸ್ ಮಾರುವ ಕಡೆಗಳಲ್ಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಸಾಸ್ ತೆಳ್ಳಗೆ ಸುರಿಯುವುದನ್ನು ನೋಡಿರುತ್ತೀರಿ. ಕಾಲು ಭಾಗ ನೀರು ಸೇರಿದರೆ ವಿನೆಗರ್, ಉಪ್ಪು, ಸಕ್ಕರೆ ಎಲ್ಲವೂ ಅಷ್ಟಷ್ಟು ತೆಳುವಾಯಿತು, ನೀರಿನ ಜೊತೆ ಹೊಸ ಜೀವಾಣುವೂ ಬಂತು. ನೀರು ಬೆರೆಸಿದ ಕೆಚಪ್‌ಗೆ ಆರು ತಿಂಗಳ ಲೆಕ್ಕವೇ ಇಲ್ಲ. ಆ ದಿನಕ್ಕೆ ಬೇಕಾದಷ್ಟು ಬೆರೆಸಿ, ಮಿಕ್ಕಿದ್ದು ಚೆಲ್ಲಿ, ಬಾಟಲಿ ತೊಳೆದು ಒಣಗಿಸಬೇಕು. ಅಂಗಡಿಯವರಿಗೆ ಇದನ್ನು ಪ್ರೀತಿಯಿಂದಲೇ ಹೇಳಬಹುದು, ಬಹಳ ಜನ ಕೇಳುತ್ತಾರೆ.

ಸೋಯಾ ಸಾಸ್ ಉಪ್ಪಿನ ಬಲದಿಂದ, ವಿನೆಗರ್ ಇರುವ ಚಿಲ್ಲಿ ಸಾಸ್ ಹುಳಿಯ ಬಲದಿಂದ ತಿಂಗಳುಗಟ್ಟಲೆ ನಿಲ್ಲುತ್ತವೆ. ಮಯೋನೀಸ್ ಎರಡು ತಿಂಗಳು, ಅದೂ ಒಳಗಿನ ಅರೆಯಲ್ಲಿ. ಮೋಸ ಹೋಗುವುದು ಪಾಸ್ತಾ ಮತ್ತು ಪಿಜ್ಜಾ ಸಾಸ್‌ನಲ್ಲಿ. ಬಣ್ಣ ಕೆಚಪ್‌ನಂತೆ ಕೆಂಪು, ಆದರೆ ವಿನೆಗರ್ ಮತ್ತು ಸಕ್ಕರೆ ಅಷ್ಟಿಲ್ಲ. ಅವನ್ನು ಜ್ಯೂಸ್ ಎಂದೇ ತಿಳಿಯಿರಿ: ನಾಲ್ಕೈದು ದಿನ, ಇಲ್ಲವೇ ಫ್ರೀಜರ್.

ಜಾಮ್‌ನಲ್ಲಿ ಕೆಲಸ ಮಾಡುವುದು ಸಕ್ಕರೆ. ನಮ್ಮ ದೇಶದ ನಿಯಮದಂತೆ ಜಾಮ್ ಎನಿಸಿಕೊಳ್ಳಲು ಅದರಲ್ಲಿ ಸಕ್ಕರೆಯೂ ಸೇರಿ ಕರಗಿದ ಘನಾಂಶ ಕನಿಷ್ಠ 65 ಶೇಕಡ ಇರಬೇಕು. ಇರುವ ನೀರನ್ನೆಲ್ಲ ಸಕ್ಕರೆ ಕಟ್ಟಿಹಾಕಿಕೊಂಡಿರುವುದರಿಂದ ಜೀವಾಣುವಿಗೆ ಕುಡಿಯಲು ನೀರು ಸಿಗುವುದಿಲ್ಲ. ಜ್ಯೂಸ್‌ನಲ್ಲಿ ಊಟವಾದ ಅದೇ ಸಕ್ಕರೆ ಇಲ್ಲಿ ಕಾವಲುಗಾರ. ಫ್ರಿಜ್‌ನಲ್ಲಿ ಆರು ತಿಂಗಳು ಆರಾಮಾಗಿ ಇರುತ್ತದೆ. ಆದರೆ ಒದ್ದೆ ಚಮಚ ಅದ್ದಿದ ಜಾಗದಲ್ಲಿ, ಚಪಾತಿ ಚೂರು ಬಿದ್ದ ಜಾಗದಲ್ಲಿ, ಬೆಣ್ಣೆ ಸವರಿದ ಚಾಕು ತಾಗಿದ ಜಾಗದಲ್ಲಿ ಬೂಷ್ಟು ಏಳುತ್ತದೆ. ಇನ್ನೊಂದು ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ತಿಂಡಿ ಮುಗಿಯುವವರೆಗೆ ತಣ್ಣನೆಯ ಬಾಟಲಿ ತೆರೆದೇ ಇದ್ದರೆ ಹೊರಗಿನ ಸೆಕೆ ಒಳಸೇರಿ, ಮತ್ತೆ ಫ್ರಿಜ್ಜಿಗೆ ಹೋದಾಗ ಮುಚ್ಚಳದ ಅಡಿ ನೀರಹನಿ ಕೂಡುತ್ತದೆ. ಆ ಹನಿ ಜಾಮ್ ಮೇಲೆ ಬಿದ್ದು ಮೇಲ್ಪದರವನ್ನಷ್ಟೇ ತೆಳು ಮಾಡುತ್ತದೆ, ಬೂಷ್ಟಿಗೆ ಅಷ್ಟೇ ಸಾಕು. ಬೇಕಾದಷ್ಟನ್ನು ಒಣ ಚಮಚದಲ್ಲಿ ತಟ್ಟೆಗೆ ತೆಗೆದು ತಕ್ಷಣ ಮುಚ್ಚಿ. ಅಡಿಯಲ್ಲಿ ಹನಿ ಕಂಡರೆ ಒಣ ಬಟ್ಟೆಯಲ್ಲಿ ಒರೆಸಿ.

ಬೂಷ್ಟು ಬಂದ ಜಾಮನ್ನು ಮೇಲಿಂದ ಕೆರೆದು ತಿನ್ನುವ ರೂಢಿ ಬಿಡಬೇಕು, ಅದರ ಬೇರು ಕಣ್ಣಿಗೆ ಕಾಣದಷ್ಟು ಕೆಳಗಿಳಿದಿರುತ್ತದೆ. ಮರಳಿನಂತೆ ಗರಗರ ಎನ್ನುವ ಹರಳು ಕಂಡರೆ ಮಾತ್ರ ಹೆದರಬೇಡಿ, ಸಕ್ಕರೆ ಕಟ್ಟಿದೆ ಅಷ್ಟೆ. ಸಕ್ಕರೆ ಕಡಿಮೆ ಎಂದು ಮಾರುವ ಜಾಮ್‌ಗೆ ಈ ಕಾವಲುಗಾರನೇ ಇಲ್ಲ. ಅದಕ್ಕೆ ಫ್ರಿಜ್ ಕಡ್ಡಾಯ, ಮೂರು ನಾಲ್ಕು ವಾರಕ್ಕೆ ಮುಗಿಸಿ.

ಕೊನೆಗೆ ಪ್ಯಾಕ್ ಮಾಡಿದ ಎಳನೀರು. ಹೊಸದುರ್ಗ, ಹೊಳಲ್ಕೆರೆ ಕಡೆ ತೋಟವಿರುವವರು ಇದನ್ನು ಕೊಳ್ಳುವುದಿಲ್ಲ, ಪೇಟೆಯವರು ಕೊಳ್ಳುತ್ತಾರೆ. ಇದನ್ನು ಜ್ಯೂಸ್ ಸಾಲಿಗೆ ಸೇರಿಸಬೇಡಿ. ಎಳನೀರಿಗೆ ಹಣ್ಣಿನ ರಸದಷ್ಟು ಹುಳಿ ಇಲ್ಲ, ಆದ್ದರಿಂದ ರೋಗ ತರುವ ಬ್ಯಾಕ್ಟೀರಿಯಾ ಕೂಡ ಇದರಲ್ಲಿ ಸಲೀಸಾಗಿ ಬೆಳೆಯಬಲ್ಲವು. ಒಡೆದರೆ ಅವತ್ತೇ ಕುಡಿದು ಮುಗಿಸಿ. ಫ್ರಿಜ್‌ನಲ್ಲಿಟ್ಟರೂ ಮರುದಿನ ಅದೇ ಹೊತ್ತಿನೊಳಗೆ.