ಏಣಿ ಹತ್ತದೆ ಅಳೆದ ಮಾಡು

ಏಣಿ ಹತ್ತುವ ಕೆಲಸವೆಂದರೆ ನನಗೆ ಚಿಕ್ಕಂದಿನಿಂದಲೂ ಆಗದು. ಹೀಗಾಗಿ, ಅಕ್ಕನ ಮನೆಯ ಮಾಡಿಗೆ ಹೊಸ ಹೆಂಚು ಹೊದಿಸಲು ಎಷ್ಟು ಚದರ ಮೀಟರ್ ಲೆಕ್ಕ ಹಿಡಿಯಬೇಕೆಂದು ಭಾವ ವಿಚಾರಿಸಿದಾಗ, ಮನೆಯ ನಕ್ಷೆಯನ್ನೂ ಒಂದು ಫೋಟೋವನ್ನೂ ಕಳುಹಿಸಿದರೆ ಕುಳಿತಲ್ಲಿಂದಲೇ ಹೇಳುತ್ತೇನೆಂದು ಒಪ್ಪಿಕೊಂಡೆ. ನಕ್ಷೆಯ ಪ್ರಕಾರ ಮನೆಯ ಉದ್ದ 10 ಮೀಟರ್, ಅಗಲ 8 ಮೀಟರ್, ಅಂದರೆ ನೆಲದ ವಿಸ್ತೀರ್ಣ 80 ಚದರ ಮೀಟರ್. ಮಾಡು ಎರಡೂ ಕಡೆಗೆ ಸಮನಾಗಿ ಇಳಿದಿತ್ತು. ಫೋಟೋದ ಮೇಲೆ ಕೋನಮಾಪಕವನ್ನಿಟ್ಟು ನೋಡಿದಾಗ ಇಳಿಜಾರು ಸುಮಾರು 39 ಡಿಗ್ರಿ ತೋರಿಸಿತು.

39 ಡಿಗ್ರಿಯ ಕೊಸೈನ್ ಸುಮಾರು 0.777. ಅದರಿಂದ 80ನ್ನು ಗುಣಿಸಿ, 62 ಚದರ ಮೀಟರ್ ಎಂದು ಗಂಭೀರವಾಗಿ ತಿಳಿಸಿದೆ. ಗಣಿತವೆಂದರೆ ದೂರ ಸರಿಯುವ ಅಕ್ಕ, "ಅಲ್ವೋ, ನೆಲವೇ 80 ಇರುವಾಗ ಮಾಡು 62 ಆದರೆ ಉಳಿದ ಜಾಗದಲ್ಲಿ ಕೊಡೆ ಹಿಡಿದು ಕೂರಬೇಕೇ?" ಎಂದು ಕೇಳಿದಳು. ಓರೆಯಾದ ಮೇಲ್ಮೈ ನೇರ ಕೆಳಗೆ ಬೀಳುವ ತನ್ನ ನೆರಳಿಗಿಂತ ಎಂದೂ ಚಿಕ್ಕದಾಗಲಾರದು. ಗುಣಿಸಬಾರದು, ಭಾಗಿಸಬೇಕು. ಭಾಗಿಸಿದಾಗ 103 ಬಂತು. ಟೈಪು ಮಾಡುವಾಗ ಕೈತಪ್ಪಾಯಿತೆಂದು ಹೇಳಿ ಮಾನ ಉಳಿಸಿಕೊಂಡೆ.

ಮರುದಿನ ಭಾವ ಮತ್ತೆ ಫೋನು ಮಾಡಿ, ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿರುವ ಸೂರಿನ ಭಾಗವೂ ಈ ಲೆಕ್ಕದಲ್ಲಿ ಸೇರಿದೆಯೇ ಎಂದು ಬಹಳ ವಿನಯದಿಂದ ಕೇಳಿದರು. ಸೇರಿರಲಿಲ್ಲ. ನಕ್ಷೆ ತೋರಿಸುವುದು ಗೋಡೆಗಳನ್ನು. ಮಾಡು ನಾಲ್ಕೂ ಕಡೆ ಅವುಗಳಿಂದ 60 ಸೆಂಟಿಮೀಟರ್ ಮುಂದೆ ಬಂದಿತ್ತು. ಆದ್ದರಿಂದ ಲೆಕ್ಕಕ್ಕೆ ಹಿಡಿಯಬೇಕಾದ ಅಳತೆ 11.2 ಮತ್ತು 9.2 ಮೀಟರ್, ಅಂದರೆ ಸುಮಾರು 103 ಚದರ ಮೀಟರ್. ಸೂರು ಹೊರಚಾಚಿರುವುದು ಅರ್ಧ ಮೀಟರಿಗಿಂತ ತುಸು ಹೆಚ್ಚಷ್ಟೇ ಎಂದು ಕಡೆಗಣಿಸಿದ್ದೆ; ಅದು ಮನೆಯ ಸುತ್ತಲೂ ಓಡಿ 23 ಚದರ ಮೀಟರ್ ಕೂಡಿಸಿಕೊಂಡಿತ್ತು. ಆ 103ನ್ನು 0.777ರಿಂದ ಭಾಗಿಸಿ, ಈ ಬಾರಿ 133 ಎಂದು ಘೋಷಿಸಿದೆ.

62, 103, 133 ಎಂದು ಮಾಡು ದಿನದಿನಕ್ಕೆ ಬೆಳೆಯುತ್ತಿರುವುದನ್ನು ಕಂಡ ಭಾವ ಮಾತಾಡದೆ ಮೇಸ್ತ್ರಿಯನ್ನು ಕರೆಸಿದರು. ಆತ ಏಣಿ ಹತ್ತಿ, ನೆತ್ತಿಯಿಂದ ಸೂರಿನ ತುದಿಯವರೆಗೆ ಟೇಪು ಬಿಟ್ಟು 5.31 ಮೀಟರ್ ಎಂದು ಓದಿ, 11.2ರಿಂದ ಗುಣಿಸಿ, ಎರಡು ಮಗ್ಗುಲಿಗೆ ಇಮ್ಮಡಿ ಮಾಡಿ 119 ಚದರ ಮೀಟರ್ ಎಂದ. ಇಷ್ಟಕ್ಕೆಲ್ಲ ಆತನಿಗೆ ಹತ್ತು ನಿಮಿಷ ಹಿಡಿಯಿತಂತೆ. ಸೂರನ್ನು ಮರೆತಾಗ ನನಗೆ 16 ಚದರ ಮೀಟರ್ ಕಡಿಮೆ ಬಂದಿತ್ತು, ಅದನ್ನು ತಿದ್ದಿಕೊಂಡ ಮೇಲೆ 14 ಹೆಚ್ಚು ಬಂದಿತ್ತು. ತಪ್ಪೊಂದನ್ನು ಒಪ್ಪಿಕೊಂಡದ್ದಕ್ಕೆ ಸಿಕ್ಕ ಫಲ ಇಷ್ಟೇ. ಮೊದಲ ತಪ್ಪಿನ ಮರೆಯಲ್ಲಿ ಇನ್ನೊಂದು ತಪ್ಪು ನೆಮ್ಮದಿಯಾಗಿ ಅಡಗಿತ್ತು.

ಫೋಟೋವನ್ನು ಮತ್ತೆ ದಿಟ್ಟಿಸಿದಾಗ ಅದು ಸಿಕ್ಕಿಬಿತ್ತು. ಭಾವ ಮನೆಯ ಮೂಲೆಯ ಕಡೆ ನಿಂತು ಚಿತ್ರ ತೆಗೆದಿದ್ದರು. ತ್ರಿಕೋನದ ಗೋಡೆಯ ಜೊತೆಗೆ ಪಕ್ಕದ ಉದ್ದ ಗೋಡೆಯೂ ಚೆನ್ನಾಗಿ ಕಾಣುತ್ತಿತ್ತು. ಹಾಗೆ ಓರೆಯಿಂದ ನೋಡಿದಾಗ ತ್ರಿಕೋನದ ಅಗಲ ಕುಗ್ಗುತ್ತದೆ, ಎತ್ತರವಾದರೋ ಹಾಗೆಯೇ ಉಳಿಯುತ್ತದೆ, ಆದ್ದರಿಂದ ಇಳಿಜಾರು ಇರುವುದಕ್ಕಿಂತ ಕಡಿದಾಗಿ ತೋರುತ್ತದೆ. ನೇರ ಎದುರಿನಿಂದ 45 ಡಿಗ್ರಿ ಸರಿದು ನಿಂತರೆ, 30 ಡಿಗ್ರಿಯ ಮಾಡು 39 ಡಿಗ್ರಿಯದೆಂದು ಕಣ್ಣುಕಟ್ಟು ಮಾಡುತ್ತದೆ. ನನ್ನ ಕೋನಮಾಪಕ ಸುಳ್ಳು ಹೇಳಿರಲಿಲ್ಲ, ಅದು ಫೋಟೋವನ್ನು ಅಳೆದಿತ್ತು, ಮಾಡನ್ನಲ್ಲ.

ಹಠ ಬಿಡದೆ ಅದೇ ಫೋಟೋದಿಂದ ಸರಿ ಉತ್ತರ ತೆಗೆದೆ. ತ್ರಿಕೋನದ ಗೋಡೆಯ ನಡುವೆ, ನೆತ್ತಿಯ ಸರಿಕೆಳಗೆ, 2.1 ಮೀಟರ್ ಎತ್ತರದ ಬಾಗಿಲಿತ್ತು. ಗೋಡೆಯ ಎರಡೂ ತುದಿಗಳಲ್ಲಿ ಮಾಡು ಆರಂಭವಾಗುವ ಬಿಂದುಗಳನ್ನು ಗೆರೆಯಿಂದ ಸೇರಿಸಿ, ಆ ಗೆರೆಯಿಂದ ನೆತ್ತಿಯವರೆಗಿನ ಎತ್ತರ ನೋಡಿದರೆ, ಅದು ಬಾಗಿಲಿನ 1.1 ಪಟ್ಟು, ಅಂದರೆ 2.31 ಮೀಟರ್. ಅಡ್ಡಳತೆಯನ್ನು ಫೋಟೋದಿಂದ ಕೇಳದೆ ನಕ್ಷೆಯಿಂದಲೇ ಪಡೆದೆ: ಗೋಡೆಯ ಅರ್ಧ ಅಗಲ 4 ಮೀಟರ್. 2.31ನ್ನು 4ರಿಂದ ಭಾಗಿಸಿದರೆ ಸುಮಾರು 0.577, ಅದು 30 ಡಿಗ್ರಿಯ ಟ್ಯಾಂಜೆಂಟ್. 103ನ್ನು 0.866ರಿಂದ ಭಾಗಿಸಿದಾಗ 119 ಬಂತು. ಫೋನನ್ನು ಮೇಲಕ್ಕೆ ಓರೆ ಮಾಡದೆ, ಸಾಕಷ್ಟು ದೂರದಿಂದ ತೆಗೆದಿದ್ದರಿಂದ ಈ ಉಪಾಯ ಫಲಿಸಿತು. ಗೋಡೆಯ ಬುಡದಿಂದ ಕತ್ತೆತ್ತಿ ತೆಗೆದ ಚಿತ್ರದಲ್ಲಿ ಮೇಲಿನದೆಲ್ಲ ಕುಗ್ಗಿ, ನೆತ್ತಿಯ ಎತ್ತರ ಕಡಿಮೆ ಕಾಣುತ್ತಿತ್ತು.

ಮೇಸ್ತ್ರಿಯ ಲೆಕ್ಕದೊಂದಿಗೆ ನನ್ನದು ಕೂಡಿಬಂದಿದ್ದನ್ನು ಭಾವನಿಗೆ ಹೇಳಿದೆ, ಮೇಸ್ತ್ರಿ ಮೊದಲೇ ಹೇಳಿದ್ದನಲ್ಲ ಎಂದರು. ಆದರೂ ದೊಡ್ಡ ಮನಸ್ಸು ಮಾಡಿ, ಹಿತ್ತಲಿನ ಶೆಡ್ಡಿನ ಮಾಡನ್ನೂ ಅಳೆದುಕೊಡುವಂತೆ ಕೇಳಿದರು. ಈ ಸಲ ತಪ್ಪಾಗಬಾರದೆಂದು, ಫೋಟೋದಲ್ಲಿ ಒಂದೇ ಗೋಡೆ ಕಾಣಬೇಕು, ಪಕ್ಕದ ಗೋಡೆಯ ಸುಳಿವೂ ಇರಕೂಡದು, ದೂರದಿಂದ ನೇರ ಎದುರು ನಿಂತು ತೆಗೆಯಿರಿ ಎಂದು ಬಿಡಿಸಿ ಹೇಳಿದೆ. ಭಾವ ಅಕ್ಷರಶಃ ಪಾಲಿಸಿದರು. ಉದ್ದ ಗೋಡೆಯ ಎದುರು ನಿಂತು ತೆಗೆದ ಆ ಚಿತ್ರದಲ್ಲಿ ಮಾಡು ಅಚ್ಚುಕಟ್ಟಾದ ಆಯತವಾಗಿತ್ತು, ಇಳಿಜಾರಿನ ಕೋನ ಮಾತ್ರ ಎಲ್ಲಿಯೂ ಇರಲಿಲ್ಲ.