ಟೆಂಡರ್ ಕೂಟ ಮುರಿಯಲು ಹರಾಜಿನ ನಿಯಮವೇ ಸಾಕೇ?

ಪರ: ಕೂಟವನ್ನು ಒಡೆಯುವವನು ಕೂಟದೊಳಗೇ ಇರುತ್ತಾನೆ

ಯಾರು ಗೆಲ್ಲಬೇಕು, ಎಷ್ಟಕ್ಕೆ ಗೆಲ್ಲಬೇಕು ಎಂದು ಸ್ಪರ್ಧಿಗಳೇ ಮೊದಲೇ ಮಾತಾಡಿಕೊಂಡು ಟೆಂಡರ್ ಹಾಕುವುದು ಹೊರಗಿನಿಂದ ಸಲೀಸಾಗಿ ಕಾಣುತ್ತದೆ. ಒಳಗೆ ಅದು ಅಷ್ಟು ಸಲೀಸಲ್ಲ. ಈ ಸಲ ಯಾರ ಸರದಿ ಎಂಬುದನ್ನು ಎಲ್ಲರೂ ಒಪ್ಪಬೇಕು. ಬೇಕೆಂದೇ ಸೋತವರಿಗೆ ಏನಾದರೂ ದಕ್ಕಬೇಕು. ಮಾತು ತಪ್ಪಿದವನನ್ನು ಹಿಡಿದು ಬುದ್ಧಿ ಕಲಿಸುವ ದಾರಿಯೂ ಇರಬೇಕು. ಒಪ್ಪಂದವೇ ಕಾನೂನುಬಾಹಿರವಾದ್ದರಿಂದ, ಮಾತು ಮುರಿದವನ ಮೇಲೆ ಕೋರ್ಟಿಗೆ ಹೋಗುವಂತಿಲ್ಲ. ಮುಂದಿನ ಟೆಂಡರುಗಳಲ್ಲಿ ದರ ಇಳಿಸಿ ಎಲ್ಲರ ಲಾಭವನ್ನೂ ಹಾಳು ಮಾಡುವುದೊಂದೇ ಕೂಟದ ಕೈಲಿರುವ ದಂಡ.

ಲೆಕ್ಕ ಹಾಕಿ ನೋಡೋಣ. ನಾಲ್ಕು ಕಂಪನಿಗಳಿವೆ, ಕೆಲಸದ ವೆಚ್ಚ ಎಲ್ಲರಿಗೂ 80. ಖರೀದಿದಾರ ಕೊಡಲು ಸಿದ್ಧವಿರುವ ಗರಿಷ್ಠ ದರ 100. ಪೈಪೋಟಿ ನಡೆದರೆ ದರ 82ರ ಸುಮಾರಿಗೆ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಕೂಟ ಕಟ್ಟಿ ಸರದಿಯ ಮೇಲೆ 98ಕ್ಕೆ ಗೆದ್ದರೆ ಗೆದ್ದವನಿಗೆ 18 ಉಳಿಯುತ್ತದೆ. ನಾಲ್ಕು ಟೆಂಡರಿಗೆ ಒಮ್ಮೆ ಸರದಿ ಬರುವುದರಿಂದ ಒಬ್ಬೊಬ್ಬನಿಗೆ ಟೆಂಡರಿಗೆ ಸರಾಸರಿ 4.5. ಕೂಟ ಮುರಿದು ಪೈಪೋಟಿ ಶುರುವಾದರೆ ಆ ಸರಾಸರಿ 0.5ಕ್ಕೆ ಬೀಳುತ್ತದೆ.

ಈಗ, ಸರದಿಯಲ್ಲದವನೊಬ್ಬ ಗುಟ್ಟಾಗಿ 97 ಎಂದು ಬರೆದು ಲಕೋಟೆ ಹಾಕಿದ ಎನ್ನಿ. ಅವನಿಗೆ ತಕ್ಷಣ 17 ಸಿಗುತ್ತದೆ. ಆಮೇಲೆ ಪ್ರತಿ ಟೆಂಡರಿನಲ್ಲಿ ಅವನು ಕಳೆದುಕೊಳ್ಳುವುದು ಸರಾಸರಿ 4. ಟೆಂಡರ್ ತಿಂಗಳಿಗೊಂದು ಬಂದರೆ ನಾಲ್ಕೂಕಾಲು ತಿಂಗಳಲ್ಲಿ ಆ 17 ಕರಗಿಹೋಗುತ್ತದೆ. ಐದನೇ ತಿಂಗಳಿಗೆ ಅವನು ನಷ್ಟದಲ್ಲಿರುತ್ತಾನೆ, ಹಾಗಾಗಿ ಮೋಸ ಮಾಡುವುದಿಲ್ಲ. ಕೂಟ ಗಟ್ಟಿಯಾಗಿ ನಿಲ್ಲುತ್ತದೆ.

ಅದೇ ಹನ್ನೆರಡು ತಿಂಗಳ ಕೆಲಸವನ್ನು ವರ್ಷಕ್ಕೊಂದೇ ಟೆಂಡರಾಗಿ ಕರೆಯಿರಿ. ಮೋಸಕ್ಕೆ ಸಿಗುವುದು 12 ಪಟ್ಟು, ಅಂದರೆ 204. ಕಳೆದುಕೊಳ್ಳುವುದು ವರ್ಷಕ್ಕೆ 48. ಆ 204 ಕರಗಲು ನಾಲ್ಕು ವರ್ಷ ದಾಟಬೇಕು. ಅಷ್ಟರಲ್ಲಿ ತಂತ್ರಜ್ಞಾನ, ಮಾಲೀಕರು, ಖರೀದಿ ನೀತಿ ಯಾವುದು ಬೇಕಾದರೂ ಬದಲಾಗಬಹುದು. ಕೈಗೆ ಬಂದ 204ನ್ನು ಬಿಟ್ಟು, ಎಂದೋ ಬರುವ ಸರದಿಗೆ ಕಾಯುವವರು ಕಡಿಮೆ. ಕೆಲಸವೂ ಅದೇ, ಹಣವೂ ಅದೇ. ಟೆಂಡರುಗಳ ಸಂಖ್ಯೆ ಮತ್ತು ಗಾತ್ರ ಬದಲಾಗಿದ್ದಷ್ಟೇ. ಸದಸ್ಯರು ಹೆಚ್ಚಿದರೂ ಇದೇ ಪರಿಣಾಮ: ನಾಲ್ವರ ಬದಲು ಎಂಟು ಜನರಿದ್ದರೆ ತಲಾ ಪಾಲು ಅರ್ಧವಾಗಿ, ನಿಷ್ಠೆಯ ಬೆಲೆಯೂ ಅರ್ಧಕ್ಕೆ ಇಳಿಯುತ್ತದೆ.

ಇದಕ್ಕಿಂತ ಮುಖ್ಯ ಹರಾಜಿನ ರೂಪ. ಮೇಲಿನ ಲೆಕ್ಕದಲ್ಲಿ 97 ಎಂದು ಬರೆದವನು ಗೆದ್ದಿದ್ದು ಲಕೋಟೆ ಮುಚ್ಚಿತ್ತು ಎಂಬ ಕಾರಣಕ್ಕೆ. ಪರದೆಯ ಮೇಲೆ ಎಲ್ಲರ ಕಣ್ಣೆದುರು ದರ ಇಳಿಯುತ್ತ ಹೋಗುವ ರಿವರ್ಸ್ ಹರಾಜಿನಲ್ಲಿ ಅವನು 97 ಒತ್ತಿದ ಕೂಡಲೇ ಸರದಿಯವನು 96 ಒತ್ತುತ್ತಾನೆ. ಹೀಗೆ ಇಬ್ಬರೂ 80ರ ಹತ್ತಿರಕ್ಕೆ ಬರುತ್ತಾರೆ, ಮೋಸಗಾರನಿಗೆ ಏನೂ ಉಳಿಯುವುದಿಲ್ಲ. ಏನೂ ಉಳಿಯದು ಎಂದು ಗೊತ್ತಿರುವುದರಿಂದ ಅವನು 97 ಒತ್ತುವುದೇ ಇಲ್ಲ. ತೆರೆದ ಹರಾಜಿನಲ್ಲಿ ಕೂಟಕ್ಕೆ ನಾಳೆಯ ಬೆದರಿಕೆಯೇ ಬೇಡ, ದಂಡ ಅದೇ ನಿಮಿಷ ಬೀಳುತ್ತದೆ. ಅರ್ಥಶಾಸ್ತ್ರಜ್ಞರು ಇದನ್ನು 1980ರ ದಶಕದಲ್ಲೇ ತೋರಿಸಿದ್ದಾರೆ. ಆದರೂ ಪಾರದರ್ಶಕ ಎಂಬ ಒಂದೇ ಮಾತಿಗೆ ಮನಸೋತು ಖರೀದಿ ಕಚೇರಿಗಳು ಎಲ್ಲವನ್ನೂ ರಿವರ್ಸ್ ಹರಾಜಿಗೆ ಹಾಕುವುದನ್ನು ನೋಡಿದರೆ ಬೇಸರವಾಗುತ್ತದೆ. ಕೂಟದ ಗುಮಾನಿ ಇದ್ದ ಕಡೆ ಒಂದೇ ಸುತ್ತಿನ ಮುಚ್ಚಿದ ಲಕೋಟೆ ಇರಲಿ.

ಲಕೋಟೆ ತೆರೆದ ಮೇಲೆ ಪ್ರತಿಯೊಬ್ಬನ ಹೆಸರು ಮತ್ತು ದರವನ್ನು ಗಟ್ಟಿಯಾಗಿ ಓದುವ ಪದ್ಧತಿಯೂ ಕೂಟಕ್ಕೆ ನೆರವಾಗುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1964ರಲ್ಲೇ ಇದನ್ನು ಎತ್ತಿ ತೋರಿಸಿದ್ದರು: ಬಂದ ದರಗಳನ್ನೆಲ್ಲ ಕರಾರುವಾಕ್ಕಾಗಿ ಪ್ರಕಟಿಸುವ ಖರೀದಿದಾರ, ಮಾತು ತಪ್ಪಿದವರನ್ನು ಹಿಡಿಯುವ ಕೆಲಸವನ್ನು ಕೂಟದ ಪರವಾಗಿ ತಾನೇ ಮಾಡಿಕೊಡುತ್ತಾನೆ.

ಕೊನೆಯದು ಕ್ಷಮಾದಾನ. ಮೊದಲು ಬಂದು ಒಪ್ಪಿಕೊಂಡ ಕಂಪನಿಗೆ ಮಾತ್ರ ಪೂರ್ತಿ ಮಾಫಿ, ಎರಡನೆಯವನಿಗೆ ಅಷ್ಟಿಲ್ಲ. ಅಮೆರಿಕ 1993ರಲ್ಲಿ ತನ್ನ ನಿಯಮ ತಿದ್ದಿ, ತನಿಖೆ ಶುರುವಾಗುವ ಮುನ್ನ ಷರತ್ತು ಪೂರೈಸಿ ಮೊದಲು ಬಂದವರಿಗೆ ಇದನ್ನು ಖಚಿತ ಮಾಡಿತು. ಅಲ್ಲಿಂದ ಮುಂದೆ ಸದಸ್ಯನ ಭಯ ಬರೀ ಸಿಕ್ಕಿಬೀಳುವುದರದ್ದಲ್ಲ, ಪಕ್ಕದವನು ತನಗಿಂತ ಮೊದಲು ಬಾಯಿಬಿಟ್ಟಾನು ಎಂಬುದರದ್ದು.

ಇಷ್ಟೆಲ್ಲ ಇಲ್ಲದ ಕಾಲದಲ್ಲೂ ಕೂಟಗಳು ಒಡೆದಿವೆ. 1950ರ ದಶಕದ ಅಮೆರಿಕದಲ್ಲಿ ವಿದ್ಯುತ್ ಸ್ವಿಚ್‌ಗೇರ್ ತಯಾರಕರು ಸರದಿ ಹಂಚಿಕೊಳ್ಳಲು ‘ಚಂದ್ರನ ಕಲೆ’ ಎಂಬ ಹೆಸರಿನ ಪಟ್ಟಿಯನ್ನೇ ಮಾಡಿಕೊಂಡಿದ್ದರು. ಯಾರ ದರ ಕೆಳಗಿರಬೇಕು ಎಂಬುದು ಅದರ ಪ್ರಕಾರ ಸುತ್ತುತ್ತಿತ್ತು. ಅಷ್ಟು ಶಿಸ್ತಿನ ಕೂಟದಲ್ಲೂ ದಶಕದ ನಡುವೆ ಒಬ್ಬರ ಮೇಲೊಬ್ಬರು ದರ ಕಡಿದು ಬೆಲೆ ನೆಲಕಚ್ಚಿತು.

ವಿರೋಧ: ಲಕೋಟೆ ಮುಚ್ಚಿದ ಮಾತ್ರಕ್ಕೆ ಬಾಯಿ ಮುಚ್ಚುವುದಿಲ್ಲ

ಆ ಸ್ವಿಚ್‌ಗೇರ್ ಕೂಟದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೆಲೆ ಕುಸಿದ ಮೇಲೆ ಅದೇ ಕಂಪನಿಗಳು ಮತ್ತೆ ಕೂತು ಮಾತಾಡಿ ಕೂಟವನ್ನು ಮರಳಿ ಕಟ್ಟಿಕೊಂಡವು. ಅದು ನಿಂತದ್ದು ಸರ್ಕಾರ ಕ್ರಿಮಿನಲ್ ಮೊಕದ್ದಮೆ ಹೂಡಿದ ಮೇಲೆ. 1961ರಲ್ಲಿ ಕೆಲವು ಅಧಿಕಾರಿಗಳು ಜೈಲಿಗೂ ಹೋದರು. ಅಲ್ಲಿ ಹಂಚಿಕೊಳ್ಳುತ್ತಿದ್ದದ್ದು ಮುಚ್ಚಿದ ಲಕೋಟೆಯ ವ್ಯಾಪಾರವನ್ನೇ ಎಂಬುದನ್ನು ಮರೆಯಬಾರದು.

ಪರವಾದಿಯ ಲೆಕ್ಕ ತಪ್ಪಲ್ಲ, ಆದರೆ ಅದರಲ್ಲಿ ದಂಡ ಎಂದರೆ ಮುಂದಿನ ದರ ಇಳಿಕೆ ಮಾತ್ರ. ನಿಜವಾದ ಮಾರುಕಟ್ಟೆಯಲ್ಲಿ ಸದಸ್ಯರು ಹರಾಜಿನ ಹೊರಗೂ ಒಬ್ಬರಿಗೊಬ್ಬರು ಬೇಕಾದವರು. ಡಾಂಬರು ಮಿಶ್ರಣ ದೂರ ಸಾಗಿಸಿದರೆ ದಾರಿಯಲ್ಲೇ ತಣ್ಣಗಾಗುತ್ತದೆ. ಹಾಗಾಗಿ ಒಂದು ಪ್ರದೇಶದ ರಸ್ತೆ ಕೆಲಸಕ್ಕೆ ಒಂದೆರಡು ಪ್ಲಾಂಟುಗಳೇ ಗತಿ. ಆ ಪ್ಲಾಂಟು ಕೂಟದವರ ಕೈಲಿದ್ದರೆ, 97 ಬರೆದು ಗೆದ್ದವನಿಗೆ ಮಾಲು ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಅವನ 17 ಅಲ್ಲೇ ಆವಿಯಾಗುತ್ತದೆ. ಮಾತಿಗೆ ಉಳಿದವನಿಗೆ ಗೆದ್ದವನಿಂದ ಉಪಗುತ್ತಿಗೆ ಬರುತ್ತದೆ. ಇದಾವುದೂ ಹರಾಜಿನ ನಿಯಮದ ಕೈಗೆ ಸಿಗದು.

ಟೆಂಡರುಗಳನ್ನು ಒಟ್ಟುಗೂಡಿಸುವ ಸಲಹೆಯನ್ನೇ ನೋಡಿ. ತಿಂಗಳ ಕೆಲಸ ಮಾಡಬಲ್ಲ ಎಂಟು ಕಂಪನಿಗಳಲ್ಲಿ ವರ್ಷದ ಕೆಲಸಕ್ಕೆ ಬೇಕಾದ ಬ್ಯಾಂಕ್ ಗ್ಯಾರಂಟಿ, ಯಂತ್ರ, ವಹಿವಾಟಿನ ದಾಖಲೆ ಇರುವುದು ಎರಡಕ್ಕೇ ಇರಬಹುದು. ಪರವಾದಿಯ ಅಂಕಿಗಳನ್ನೇ ಹಿಡಿದರೆ, ಇಬ್ಬರೇ ಉಳಿದಾಗ ತಲಾ ಪಾಲು 9, ಪೈಪೋಟಿಯಲ್ಲಿ 1. ಮೋಸದ ಲಾಭ ಎರಡು ವರ್ಷ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಕರಗುತ್ತದೆ. ಕಾಗದದ ಮೇಲೆ ಈ ಕೂಟ ಎಂಟು ಜನರ ತಿಂಗಳ ಟೆಂಡರಿನ ಕೂಟಕ್ಕಿಂತ ಆಗಲೂ ಸಡಿಲವೇ, ಒಪ್ಪುತ್ತೇನೆ. ಆದರೆ ಇಬ್ಬರಿಗೆ ಸಭೆಯೂ ಬೇಡ, ಪಟ್ಟಿಯೂ ಬೇಡ, ಹೋಗಿ ಬಾಯಿಬಿಡಲು ಮೂರನೆಯವನೂ ಇಲ್ಲ. ಹೊರಗುಳಿದ ಆರು ಸಣ್ಣ ಕಂಪನಿಗಳು ಒಂದೆರಡು ವರ್ಷದಲ್ಲಿ ಬಾಗಿಲು ಹಾಕಿದರೆ, ಮತ್ತೆ ತಿಂಗಳ ಟೆಂಡರಿಗೆ ಮರಳಿದರೂ ಅವು ತಿರುಗಿ ಬರುವುದಿಲ್ಲ.

ಸೋತವರ ದರ ಮುಚ್ಚಿಡಿ ಎಂಬ ಮಾತೂ ಅಷ್ಟೇ. ಮಾತು ತಪ್ಪಿದವನನ್ನು ಹಿಡಿಯಲು ಕೂಟಕ್ಕೆ ಎಲ್ಲರ ದರ ಬೇಕಿಲ್ಲ, ಗೆದ್ದವನ ಹೆಸರು ಸಾಕು. ಸರದಿ ಒಬ್ಬನದು, ಗೆದ್ದವನು ಇನ್ನೊಬ್ಬ ಎಂದಾದರೆ ಕಳ್ಳ ಯಾರು ಎಂದು ಎಲ್ಲರಿಗೂ ಗೊತ್ತು. ಸಾರ್ವಜನಿಕ ಹಣದ ಕೆಲಸದಲ್ಲಿ ಗೆದ್ದವನ ಹೆಸರನ್ನು ಯಾರೂ ಮುಚ್ಚಿಡಲಾರರು. ಸೋತವರ ದರ ಮುಚ್ಚಿಟ್ಟರೆ ಅನುಕೂಲವಾಗುವುದು ಲಂಚ ತಿನ್ನುವ ಅಧಿಕಾರಿಗೆ.

ನಿಯಮ ಬದಲಿಸುವುದೇ ಮದ್ದು ಎನ್ನುವವರಿಗೆ ಇಟಲಿಯ ಅನುಭವ ತೋರಿಸಬೇಕು. ತೀರಾ ಕಡಿಮೆ ದರ ಬರೆದು ಕೆಲಸ ಅರ್ಧಕ್ಕೆ ಬಿಡುವವರನ್ನು ತಡೆಯಲು ಅಲ್ಲಿ, ಬಂದ ದರಗಳ ಸರಾಸರಿಯಿಂದ ಲೆಕ್ಕ ಹಾಕಿದ ಒಂದು ಗೆರೆಗೆ ಹತ್ತಿರ ಇದ್ದವನಿಗೆ ಕೆಲಸ ಕೊಡುವ ಪದ್ಧತಿ ಇತ್ತು. ಆಗ ಕಂಪನಿಗಳು ಗುಂಪು ಕಟ್ಟಿ, ಗೆಲ್ಲುವ ಉದ್ದೇಶವೇ ಇಲ್ಲದ ಹತ್ತಾರು ದರಗಳನ್ನು ಒಂದೇ ಕಡೆ ಸುರಿದು ಸರಾಸರಿಯನ್ನೇ ತಮ್ಮವನ ಕಡೆಗೆ ಎಳೆದುಕೊಂಡವು. ಟುರಿನ್ ನಗರದ ರಸ್ತೆ ಕೆಲಸಗಳಲ್ಲಿ ಇಂಥ ಗುಂಪುಗಳು ಕೋರ್ಟಿನಲ್ಲಿ ಸಾಬೀತಾದವು. ಒಂದು ರೋಗಕ್ಕೆಂದು ತಂದ ನಿಯಮ ಇನ್ನೊಂದು ಬಗೆಯ ಕೂಟವನ್ನು ಹುಟ್ಟಿಸಿತ್ತು.

ಹಾಗಾದರೆ ಮುಚ್ಚಿದ ಲಕೋಟೆ, ಕಡಿಮೆ ದರಕ್ಕೇ ಕೆಲಸ ಎಂಬ ಸರಳ ನಿಯಮ ಇದ್ದ ಕಡೆ ಏನಾಯಿತು? ಜಪಾನಿನ ನಿರ್ಮಾಣ ಕಾಮಗಾರಿಗಳಲ್ಲಿ ನಿಯಮ ಅದೇ ಆಗಿತ್ತು, ಜೊತೆಗೆ ಗುಟ್ಟಾದ ಮಿತಿ ದರವೂ ಇತ್ತು. ಬಂದ ಯಾವ ದರವೂ ಮಿತಿಯೊಳಗೆ ಇಲ್ಲದಿದ್ದರೆ, ಅತಿ ಕಡಿಮೆ ದರ ಎಷ್ಟು ಎಂದು ಹೇಳಿ ಅಲ್ಲೇ ಇನ್ನೊಂದು ಸುತ್ತು ಲಕೋಟೆ ಹಾಕಿಸುತ್ತಿದ್ದರು. ಸಂಶೋಧಕರು 2000ದ ದಶಕದ ಸಾವಿರಾರು ಹರಾಜುಗಳಲ್ಲಿ ಈ ಎರಡನೇ ಸುತ್ತನ್ನು ನೋಡಿದರು. ಮೊದಲ ಸುತ್ತಿನಲ್ಲಿ ಒಂದನೆಯವನಿಗೂ ಎರಡನೆಯವನಿಗೂ ಕೂದಲೆಳೆಯ ಅಂತರ ಇದ್ದಾಗ, ನಿಜವಾದ ಪೈಪೋಟಿಯಿದ್ದರೆ ಎರಡನೇ ಸುತ್ತಿನಲ್ಲಿ ಸುಮಾರು ಅರ್ಧದಷ್ಟು ಸಲ ಇಬ್ಬರ ಸ್ಥಾನ ಅದಲುಬದಲಾಗಬೇಕು. ಆಗಿದ್ದು ಬೇರೆ: ಎರಡನೆಯವನೂ ಮೂರನೆಯವನೂ ಆಗಾಗ ಅದಲುಬದಲಾದರು, ಮೊದಲನೆಯವನು ಮಾತ್ರ ಬಹುತೇಕ ಯಾವಾಗಲೂ ಮೊದಲನೆಯವನಾಗಿಯೇ ಉಳಿದ. ಗೆಲ್ಲುವವನು ಯಾರೆಂದು ಉಳಿದವರಿಗೆ ಮೊದಲೇ ತಿಳಿದಿದ್ದರಿಂದ ಅವರ ಅಂಕಿಗಳಿಗೆ ಅರ್ಥವೇ ಇರಲಿಲ್ಲ. ಗೆಲ್ಲುವವನ ದರದ ಮೇಲೆ ಎಲ್ಲೋ ಒಂದು ಕಡೆ ಇದ್ದರಾಯಿತು.

ಇದು ಒಂದೆರಡು ಕಡೆಯ ಅಪವಾದವಾಗಿದ್ದರೆ ಪರವಾದಿಯ ಮಾತಿಗೆ ಇನ್ನಷ್ಟು ಬೆಲೆ ಇರುತ್ತಿತ್ತು. ಅದು ಪ್ರದೇಶ, ಕೆಲಸದ ಬಗೆ ಎನ್ನದೆ ಎಲ್ಲೆಡೆ ಕಂಡಿತು. ಅಲ್ಲಿ ಲಕೋಟೆ ಮುಚ್ಚಿತ್ತು, ಮೋಸಕ್ಕೆ ಬಹುಮಾನವೂ ಇತ್ತು, ಆದರೂ ಯಾರೂ ಮೋಸ ಮಾಡಲಿಲ್ಲ. ಯಾಕೆಂದರೆ ನಾಳೆಯೂ ನಾಡಿದ್ದೂ ಅದೇ ಜನ, ಅದೇ ಇಲಾಖೆ. ಸಾರ್ವಜನಿಕ ಖರೀದಿಗೆ ಕೊನೆಯ ಟೆಂಡರ್ ಎಂಬುದೇ ಇಲ್ಲ.

ಖರೀದಿ ಕಚೇರಿಯ ಮೊದಲ ಕೆಲಸ ನಿಯಮ ತಿದ್ದುವುದಲ್ಲ, ತನ್ನ ಹಳೆಯ ಕಡತಗಳನ್ನು ಓದುವುದು. ಮರುಟೆಂಡರ್ ಆದಾಗಲೆಲ್ಲ ಮೊದಲ ಸ್ಥಾನ ಅಲುಗಾಡದೆ ಕೆಳಗಿನ ಸ್ಥಾನಗಳು ಮಾತ್ರ ಅದಲುಬದಲಾಗುತ್ತಿವೆಯೇ? ಗೆದ್ದ ದರದ ಒತ್ತಿನಲ್ಲೇ ಬೇರೆ ದರಗಳು ಇರದೆ ಒಂದು ಖಾಲಿ ಅಂತರ ಕಾಣುತ್ತಿದೆಯೇ? ಸೋತವನಿಗೇ ಉಪಗುತ್ತಿಗೆ ಹೋಗಿದೆಯೇ? ಇವು ಸಿಕ್ಕರೆ ಕಡತ ತನಿಖಾ ಸಂಸ್ಥೆಗೆ ಹೋಗಲಿ. ಅದರ ಜೊತೆಗೆ ಅರ್ಹತಾ ಷರತ್ತುಗಳನ್ನು ಸಡಿಲಿಸಿ, ಈ ಜನರ ಪರಿಚಯವೇ ಇಲ್ಲದ ಹೊರಗಿನವನೊಬ್ಬ ಲಕೋಟೆ ಹಾಕುವಂತೆ ಮಾಡಬೇಕು. ಆ ಹೊಸಬನಿಗೆ ಸರದಿಯೂ ಇಲ್ಲ, ಉಪಗುತ್ತಿಗೆಯ ಹಂಗೂ ಇಲ್ಲ, 85 ಬರೆದು ಹೋಗುತ್ತಾನೆ.