ಪಡಸಾಲೆ ದೀಪದ ತಾಳ

ಆಷಾಢದ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಹಗಲಿಗೂ ದೀಪ ಬೇಕು. ಈ ಸಲ ಆ ಹೊತ್ತಿಗೇ ಪಡಸಾಲೆಯ ದೀಪ ಕಣ್ಣು ಮಿಟುಕಿಸತೊಡಗಿತು. ಹಲಗೆ ಮುಚ್ಚಿಗೆಗೆ ಕೂರಿಸಿದ, ರೊಟ್ಟಿಯಷ್ಟಗಲದ 15 ವಾಟಿನ ಎಲ್‌ಇಡಿ ಅದು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು, "ಡ್ರೈವರ್ ಹೋಗಿರಬೇಕು ಮೇಷ್ಟ್ರೇ" ಎಂದ. ಪಕ್ಕದಲ್ಲಿ ಅಡಿಕೆ ಸುಲಿಯುತ್ತಿದ್ದ ಅಮ್ಮ ಕತ್ತಿ ನಿಲ್ಲಿಸಿ, "ಅಯ್ಯೋ ಪಾಪ, ಯಾವ ಬಸ್ಸಿನವನು?" ಎಂದಳು.

ಈ ಡ್ರೈವರ್ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಬಿಳಿ ಡಬ್ಬಿ. ಮನೆಗೆ ಬರುವ 230 ವೋಲ್ಟಿನ ಎಸಿಯನ್ನು ಎಲ್‌ಇಡಿಗೆ ಒಗ್ಗುವ ಡಿಸಿಯಾಗಿಸಿ, ಹದವಾದ ಕರೆಂಟನ್ನಷ್ಟೇ ದಾಟಿಸುವುದು ಅದರ ಕೆಲಸ. ನಾನೇನೋ ಮೊದಲು ವೈರನ್ನೇ ಅನುಮಾನಿಸಿದ್ದೆ. ಅದಕ್ಕೆ ಕಾರಣ ಹೋದ ವರ್ಷದ ಅಡುಗೆಮನೆಯ ದೀಪ. ಅಟ್ಟದ ಮೇಲೆ ಯಾರಾದರೂ ನಡೆದರೆ ಸಾಕು, ಅದು ಒಮ್ಮೆ ಹೋಗುತ್ತಿತ್ತು, ಎರಡು ಸಲ ಬೆದರುತ್ತಿತ್ತು, ಆಮೇಲೆ ಅರ್ಧ ತಾಸು ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಕಿವಿಗೊಟ್ಟರೆ ಸಣ್ಣಗೆ ಚಿರ್ರ್ ಎನ್ನುವ ಸದ್ದು. ಕುಡಿದವನು ಮದ್ದಳೆ ಬಾರಿಸಿದಂತೆ, ತಾಳವೆಂಬುದೇ ಇಲ್ಲ. ಸಡಿಲವಾದ ಜಾಯಿಂಟಿನ ಗುಣವೇ ಅದು: ಅಲುಗಾಟಕ್ಕೆ, ಥಂಡಿಗೆ, ಗಾಳಿಗೆ ತನ್ನಿಷ್ಟ ಬಂದಂತೆ ಸ್ಪಂದಿಸುತ್ತದೆ.

ಪಡಸಾಲೆಯದು ಹಾಗಲ್ಲ. ಮೂರು ಸಂಜೆ ಗಡಿಯಾರ ಹಿಡಿದು ಕೂತೆ. ಹಾಕಿದ ಮೊದಲ ಇಪ್ಪತ್ತು ನಿಮಿಷ ಸ್ಥಿರ ಬೆಳಕು. ಆಮೇಲೆ ಹೆಚ್ಚುಕಡಿಮೆ ಸೆಕೆಂಡಿಗೊಂದು ಸಲ ಆರಿ ಹತ್ತುತ್ತದೆ. ಆರಿಸಿ ತಣಿಯಲು ಬಿಟ್ಟು ಹಾಕಿದರೆ ಮತ್ತೆ ಇಪ್ಪತ್ತು ನಿಮಿಷ ಸಾಧು. ಮಗನನ್ನು ಅಟ್ಟಕ್ಕೆ ಹತ್ತಿಸಿ ಕುಣಿಸಿದೆ, ತಾಳ ಕೆಡಲಿಲ್ಲ. ಪಕ್ಕದ ಕೋಣೆಯ ದೀಪಗಳಿಗೂ ಏನೂ ಇಲ್ಲ. ಡ್ರೈವರಿನೊಳಗೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಎಂಬ ಪುಟ್ಟ ಭಾಗವಿದೆ, ಅದರಲ್ಲಿ ದ್ರವವಿರುತ್ತದೆ. ವರ್ಷಗಟ್ಟಲೆ ಬಿಸಿಗೆ ಅದು ಒಣಗುತ್ತಾ ಬರುತ್ತದೆ. ಕಾದಾಗ ಡ್ರೈವರ್ ಕೈಚೆಲ್ಲಿ, ಮರುಕ್ಷಣ ಮತ್ತೆ ಏಳಲು ನೋಡುತ್ತದೆ. ನಮಗೆ ಕಾಣುವ ತಾಳ ಈ ಏಳುಬೀಳಿನದು. ಎಲ್‌ಇಡಿ ಹಲಗೆಯಲ್ಲೇ ಒಂದು ಬೆಸುಗೆ ಬಿಟ್ಟಿದ್ದರೂ ಬಿಸಿಯಾದಾಗ ಹೀಗೇ ಆಡಬಹುದು. ಹೊಸ ಡ್ರೈವರ್ ಹಾಕಿಯೂ ನಿಲ್ಲದಿದ್ದರೆ ಇಡೀ ದೀಪವನ್ನೇ ಬದಲಿಸಬೇಕು.

ರೋಗ ಗೊತ್ತಾದ ಮೇಲೆ ಕೈ ತುರಿಸದಿರುತ್ತದೆಯೇ? ಸ್ಟೂಲು ತಂದೆ. ಹೆಂಡತಿ ಸ್ಟೂಲಿನ ಮೇಲೆ ಕೂತುಬಿಟ್ಟಳು. ಅವಳದೇ ಸರಿ. ಹಳೆಯ ಮನೆಗಳಲ್ಲಿ ಸ್ವಿಚ್ಚನ್ನು ನ್ಯೂಟ್ರಲ್‌ಗೆ ಕಟ್ಟಿರುವುದುಂಟು. ದೀಪ ಆರಿದರೂ ಮೇಲಿನ ತಂತಿಯಲ್ಲಿ ಫೇಸ್ ಹಾಗೇ ಇರುತ್ತದೆ. ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಎಂಸಿಬಿ ಸ್ವಿಚ್ಚನ್ನು ಇಳಿಸಿದರೂ ಡ್ರೈವರಿನ ಕೆಪಾಸಿಟರ್ ಸ್ವಲ್ಪ ಹೊತ್ತು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ಅಗ್ಗದ ಡ್ರೈವರ್‌ಗಳಲ್ಲಿ ಎಲ್‌ಇಡಿಯ ಕಡೆಯ ತಂತಿಯೂ ಮೇನ್ಸಿನಿಂದ ಬೇರ್ಪಟ್ಟಿರುವುದಿಲ್ಲ. ಕರೆಂಟು ನೆಲಕ್ಕೆ ಸೋರಿದರೆ ತಾನೇ ಬೀಳುವ ಆರ್‌ಸಿಸಿಬಿ ಇದೆಯಲ್ಲ ಎಂದು ನಾನು ವಾದಿಸಿದೆ. ಒಣ ಮರದ ಸ್ಟೂಲಿನ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದು ಇನ್ನೊಂದು ಬಲ್ಬೆಂದೇ ತಿಳಿಯುತ್ತದೆ ಎಂಬುದು ವಾದದ ನಡುವೆಯೇ ನೆನಪಾಗಿ ಸುಮ್ಮನಾದೆ. ನೋಡುವುದು, ಕೇಳುವುದು, ಎಂಸಿಬಿ ಇಳಿಸುವುದು, ನನ್ನ ಗಡಿ ಅಷ್ಟೇ. ಸುಟ್ಟ ವಾಸನೆ ಬಂದರೆ ಮತ್ತೆ ಹಾಕಿ ಪರೀಕ್ಷಿಸುವಂತಿಲ್ಲ. ಮನೆಯ ದೀಪಗಳೆಲ್ಲ ಒಟ್ಟಿಗೆ ಹೊಯ್ದಾಡಿ, ಕೆಲವು ಮಂಕಾಗಿ ಕೆಲವು ಅತಿಯಾಗಿ ಬೆಳಗಿದರೆ ಹೊರಗಿನ ನ್ಯೂಟ್ರಲ್ ಸಡಿಲವಾಗಿರಬಹುದು. ಆಗ ಮೇನ್ ಸ್ವಿಚ್ ಇಳಿಸಿ ಲೈನ್‌ಮನ್‌ನನ್ನೇ ಕರೆಯಬೇಕು.

ಎಲೆಕ್ಟ್ರಿಷಿಯನ್ ಮರುದಿನ ಬಂದ. ಎಂಸಿಬಿ ಇಳಿಸಿ, ಟೆಸ್ಟರನ್ನು ಮೊದಲು ಕರೆಂಟಿರುವ ಪ್ಲಗ್ಗಿನಲ್ಲಿ ಪರೀಕ್ಷಿಸಿಕೊಂಡು, ಆಮೇಲೆ ಮೇಲಿನ ತಂತಿಗಳನ್ನು ಮುಟ್ಟಿಸಿ ನೋಡಿದ. ಹಳೆಯ ಡ್ರೈವರಿನ ಮೇಲೆ 300 ಮಿಲಿಆಂಪ್ ಎಂದಿತ್ತು. ತಂದದ್ದೂ ಅಷ್ಟೇ ಎಂದು ತೋರಿಸಿದ. ಅದಕ್ಕಿಂತ ಹೆಚ್ಚಿನದನ್ನು ಹಾಕಿದರೆ ಎಲ್‌ಇಡಿ ಬೇಗ ಸುಡುತ್ತದಂತೆ. ಕೆಲಸ ಮುಗಿದ ಮೇಲೆ ಹಳೆಯದನ್ನು ಒಡೆದ. ಕೆಪಾಸಿಟರಿನ ತಲೆ ಕಡುಬಿನಂತೆ ಉಬ್ಬಿತ್ತು.

ಅಡುಗೆಮನೆಯ ಕಥೆಯನ್ನು ಅರ್ಧಕ್ಕೇ ಬಿಟ್ಟೆ. ಅಲ್ಲಿ ತಿರುಚಿ ಟೇಪ್ ಸುತ್ತಿದ್ದ ಜಾಯಿಂಟ್ ಕರಕಲಾಗಿತ್ತು. ದೀಪ ಎಳೆಯುವ ಕರೆಂಟು ಆಂಪಿಯರಿನ ಹತ್ತನೇ ಒಂದು ಪಾಲೂ ಇಲ್ಲ, ಅಷ್ಟಕ್ಕೆ ಹೀಗೇಕೆ ಸುಟ್ಟಿತು ಎಂದರೆ, ಅದೇ ಜಾಯಿಂಟಿನಿಂದ ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ನ್ಯೂಟ್ರಲ್ಲೂ ಮುಂದೆ ಹೋಗುತ್ತಿತ್ತು. ಮಿಕ್ಕವರ ಭಾರಕ್ಕೆ ಜಾಯಿಂಟು ಬಿಸಿಯೇರುತ್ತಿದ್ದರೆ ದೀಪ ಪಾಪ ನಮಗೆ ಹೇಳುತ್ತಿತ್ತು. ಕರೆಂಟು ಮಿತಿ ಮೀರದ್ದರಿಂದ ಎಂಸಿಬಿ ಒಮ್ಮೆಯೂ ಬೀಳಲಿಲ್ಲ. ಪಡಸಾಲೆಯದಕ್ಕಿಂತ ಅದಕ್ಕೇ ನಾನು ಹೆಚ್ಚು ಹೆದರಬೇಕಿತ್ತು. ಆದರೆ ಆಗ ತಿಂಗಳುಗಟ್ಟಲೆ ದೀಪವನ್ನೇ ಬೈದುಕೊಂಡು ಕೂತಿದ್ದೆ.

ಈಗ ಸಂಜೆ ದೀಪ ಹಾಕಿದಾಗಲೆಲ್ಲ ಅಮ್ಮ ಮುಚ್ಚಿಗೆಯ ಕಡೆ ನೋಡಿ, "ಹೊಸ ಡ್ರೈವರ್ ಪರವಾಗಿಲ್ಲ ಮಾರಾಯ, ಮೊದಲಿನವನಷ್ಟು ಬ್ರೇಕ್ ಹಾಕುವುದಿಲ್ಲ" ಎನ್ನುತ್ತಾಳೆ.